ಐದೋ ಆರೋ? ಪಾಸಿನ ಗೆರೆ ಹತ್ತಿರ ಮೌಲ್ಯಮಾಪನ ಪ್ರಾಂಪ್ಟ್ ಅಲುಗಾಡುತ್ತದಾ ಅಂತ ನೋಡುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ನನ್ನ ಗೆಳೆಯನೊಬ್ಬ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕೋಚಿಂಗ್ ಕ್ಲಾಸ್ ನಡೆಸುತ್ತಾನೆ. ವಾರಕ್ಕೊಂದು ಟೆಸ್ಟ್. ಹುಡುಗರು ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದ ಉತ್ತರಗಳನ್ನು ಒಂದು ಭಾಷಾ ಮಾಡೆಲ್‌ಗೆ ಕೊಟ್ಟು, ಮೊದಲ ಸುತ್ತಿನ ಅಂಕ ಹಾಕಿಸುವುದನ್ನು ಆತ ಶುರು ಮಾಡಿದ್ದ. ಹತ್ತಕ್ಕೆ ಆರು ಬಂದರೆ ಪಾಸ್. ಕಡಿಮೆ ಬಂದರೆ ಆ ಪ್ರಶ್ನೆಗೆ ಮತ್ತೆ ಉತ್ತರ ಬರೆಯಬೇಕು.

ಒಂದು ವಾರ ಹಾನಗಲ್ ಕಡೆಯ ಹುಡುಗನೊಬ್ಬ ತನ್ನ ಉತ್ತರವನ್ನು ತಪ್ಪಿ ಎರಡು ಸಲ ಕಳಿಸಿಬಿಟ್ಟ. ಒಂದಕ್ಕೆ ಆರು ಬಂತು, ಇನ್ನೊಂದಕ್ಕೆ ಐದು. ಎರಡರಲ್ಲೂ ಒಂದಕ್ಷರ ವ್ಯತ್ಯಾಸ ಇರಲಿಲ್ಲ. "ಸರ್, ನಾ ಪಾಸೋ ಫೇಲೋ?" ಅಂತ ಹುಡುಗ ಕೇಳಿದರೆ ಗೆಳೆಯನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸಂಜೆ ನನಗೆ ಫೋನ್ ಮಾಡಿದ. ಶನಿವಾರ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಹೋದೆ.

ಅಲ್ಲಿ ನಾವು ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮ ಪ್ರಾಂಪ್ಟ್ ಉತ್ತರ ಪತ್ರಿಕೆ ನೋಡದೆ ಗ್ರಾಹಕರ ದೂರು ವಿಂಗಡಿಸುತ್ತಿರಬಹುದು, ಅರ್ಜಿ ಸೋಸುತ್ತಿರಬಹುದು. ಎಲ್ಲೋ ಒಂದು ಗೆರೆ ಎಳೆದು ಈಚೆ ಆಚೆ ಅಂತ ತೀರ್ಪು ಕೊಡುತ್ತಿದ್ದರೆ ಕೆಲಸ ಇದೇ.

ಮೊದಲು ಪ್ರಾಂಪ್ಟನ್ನು ಕಟ್ಟಿಹಾಕಿ

ಗೆಳೆಯನ ಪ್ರಾಂಪ್ಟ್ ಹೀಗಿತ್ತು:

```
ನೀವು ಅನುಭವಿ ಪರೀಕ್ಷಕರು. ಕೆಳಗಿನ ಉತ್ತರಕ್ಕೆ 10ಕ್ಕೆ ಅಂಕ ಕೊಡಿ.
6 ಅಥವಾ ಹೆಚ್ಚು ಬಂದರೆ PASS, ಇಲ್ಲದಿದ್ದರೆ FAIL ಅಂತ ಬರೆಯಿರಿ.
```

ಇದರ ಕೆಳಗೆ ಮಾದರಿ ಉತ್ತರದ ಐದು ಅಂಶಗಳ ಪಟ್ಟಿ ಇತ್ತು. ನೋಡಿದ ಕೂಡಲೇ ತಿದ್ದುವ ಆಸೆ ನನಗೂ ಆಯಿತು. ತಿದ್ದಲಿಲ್ಲ. ಪರೀಕ್ಷೆ ನಡೆಸುವಾಗ ನಡುವೆ ಪದ ಬದಲಿಸಿದರೆ, ಅಲುಗಾಡಿದ್ದು ಮಾಡೆಲ್ಲೋ ನಿಮ್ಮ ಪದವೋ ಗೊತ್ತಾಗುವುದಿಲ್ಲ. ಪ್ರಾಂಪ್ಟ್, ಮಾಡೆಲ್‌ನ ಪೂರ್ತಿ ಹೆಸರು ಮತ್ತು ಆವೃತ್ತಿ, ಉತ್ತರ ಸಲದಿಂದ ಸಲಕ್ಕೆ ಎಷ್ಟು ಬದಲಾಗಬಹುದು ಅಂತ ಹೊಂದಿಸುವ ಟೆಂಪರೇಚರ್ ಇವನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಟೆಂಪರೇಚರ್ ಸೊನ್ನೆ ಮಾಡಿದರೆ ಪ್ರತಿ ಸಲ ಒಂದೇ ಉತ್ತರ ಬರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಏರಿಳಿತ ಕಡಿಮೆಯಾಗುವುದು ನಿಜ, ಪೂರ್ತಿ ಹೋಗುವುದಿಲ್ಲ. ಸರ್ವರಿನಲ್ಲಿ ನಿಮ್ಮ ಕೋರಿಕೆಯ ಜೊತೆ ಬೇರೆಯವರ ಕೋರಿಕೆಗಳೂ ಒಟ್ಟಿಗೆ ಲೆಕ್ಕವಾಗುತ್ತವೆ. ಆ ಗುಂಪು ಬದಲಾದಂತೆ ದಶಮಾಂಶದ ಕೊನೆಯ ಅಂಕಿಗಳು ಚೂರು ಆಚೀಚೆ ಆಗುತ್ತವೆ. ಬೇರೆ ಕಡೆ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮಾಡೆಲ್‌ಗೆ "5" ಮತ್ತು "6" ಎರಡೂ ಹೆಚ್ಚುಕಡಿಮೆ ಸಮ ಅನಿಸಿದ ಜಾಗದಲ್ಲಿ ಆ ಚೂರೇ ಸಾಕು. ಕೆಲವು ಮಾಡೆಲ್‌ಗಳಲ್ಲಿ ಈ ಗುಂಡಿ ತಿರುಗಿಸಲೂ ಬಿಡುವುದಿಲ್ಲ. ಹಾಗಾಗಿ ದಿನನಿತ್ಯ ಯಾವ ಸೆಟ್ಟಿಂಗಿನಲ್ಲಿ ಬಳಸುತ್ತೀರೋ ಅದರಲ್ಲೇ ಪರೀಕ್ಷಿಸಿ.

ಗೆರೆ ಹತ್ತಿರದ ಉತ್ತರಗಳನ್ನು ನೀವೇ ಕಟ್ಟಿ

ಹಳೆಯ ಉತ್ತರಗಳನ್ನು ರಾಶಿ ಹಾಕಿ ಪರೀಕ್ಷಿಸಿದರೆ ಫಲಿತಾಂಶ ಚೆನ್ನಾಗಿಯೇ ಕಾಣುತ್ತದೆ. ಯಾಕೆಂದರೆ ಒಂಬತ್ತರ ಉತ್ತರಕ್ಕೂ ಎರಡರ ಉತ್ತರಕ್ಕೂ ಯಾರು ಬೇಕಾದರೂ ಸರಿಯಾಗಿ ತೀರ್ಪು ಕೊಡುತ್ತಾರೆ. ತೊಂದರೆ ಇರುವುದು ಐದು, ಆರರ ನಡುವೆ. ಅಲ್ಲಿನ ಉತ್ತರಗಳು ರಾಶಿಯಲ್ಲಿ ಸಾಕಷ್ಟು ಸಿಗದೇ ಹೋಗಬಹುದು. ಸಿಕ್ಕರೂ ಯಾವುದರಲ್ಲಿ ಏನು ಕಡಿಮೆ ಅಂತ ಬಿಡಿಸಿ ಹೇಳುವುದು ಕಷ್ಟ. ಅದಕ್ಕೇ ಒಂದು ಪೂರ್ಣ ಉತ್ತರ ತೆಗೆದುಕೊಂಡು, ಒಂದೊಂದೇ ಅಂಶ ಕಿತ್ತು, ಮೆಟ್ಟಿಲು ಕಟ್ಟುವುದು ಒಳ್ಳೆಯದು.

ನಾವು ತೆಗೆದುಕೊಂಡ ಪ್ರಶ್ನೆ: "ನಮ್ಮ ಭಾಗದಲ್ಲಿ ಸಹಕಾರಿ ಪತ್ತಿನ ಸಂಘಗಳು ಹೇಗೆ ಶುರುವಾದವು?" ಪೂರ್ಣ ಉತ್ತರದಲ್ಲಿ ಐದು ಅಂಶ, ಒಂದೊಂದಕ್ಕೆ ಎರಡು ಅಂಕ. ರೈತರು ಹೆಚ್ಚಿನ ಬಡ್ಡಿಗೆ ಸಾಹುಕಾರರ ಹತ್ತಿರ ಸಾಲ ಮಾಡುತ್ತಿದ್ದದ್ದು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ. 1905ರಲ್ಲಿ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಂಘ ಶುರುವಾದದ್ದು. ಅದರ ಸ್ಥಾಪಕರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಎಂಬುದು. ಕೊನೆಗೆ, ಸದಸ್ಯರೇ ಹಣ ಕೂಡಿಸಿ ತಮ್ಮಲ್ಲೇ ಕಡಿಮೆ ಬಡ್ಡಿಗೆ ಸಾಲ ಹಂಚಿಕೊಳ್ಳುವ ರೀತಿ.

ಇದರಿಂದ ಏಳು ಮೆಟ್ಟಿಲು ಕಟ್ಟಿದೆವು. ಮೇಲಿನ ಮೆಟ್ಟಿಲಿನಲ್ಲಿ ಸ್ಥಾಪಕರ ಹೆಸರು ಮಾತ್ರ ಇಲ್ಲ. ಕೆಳಗಿನದರಲ್ಲಿ ಊರು, ಇಸವಿ, ಹೆಸರು ಬಿಟ್ಟರೆ ಬೇರೇನೂ ಇಲ್ಲ. ನಡುವಿನ ನಾಲ್ಕರ ಮೇಲೆ ಜಾಸ್ತಿ ಹೊತ್ತು ಕೂತೆವು. ಮೂರನೆಯದು ಚೊಕ್ಕ ಆರು: ಸಾಹುಕಾರರ ಸಾಲ, ಕಾಯ್ದೆ, ಕಣಗಿನಹಾಳ. ನಾಲ್ಕನೆಯದೂ ಆರೇ, ಆದರೆ ಚಿಲ್ಲರೆ ಕೂಡಿಸಿದ ಆರು. ಎರಡು ಅಂಶ ಪೂರ್ತಿ ಇವೆ, ಸ್ಥಾಪಕರ ಬಗ್ಗೆ ಬರೀ "ಪಾಟೀಲರು" ಅಂತಿದೆ, ಸಂಘದ ಕೆಲಸದ ಬಗ್ಗೆ ಅರ್ಧ ಮಾತಿದೆ. ಐದನೆಯದರಲ್ಲಿ ಊರು ಸರಿ, ಇಸವಿ 1915 ಅಂತ ತಪ್ಪಾಗಿದೆ. ಆರನೆಯದರಲ್ಲಿ ಸಾಹುಕಾರರ ಮಾತೇ ಇಲ್ಲ, "ರೈತರಿಗೆ ಕಷ್ಟ ಇತ್ತು" ಅಂತಷ್ಟೇ ಇದೆ.

ಮಾಡೆಲ್‌ಗೆ ಕೊಡುವ ಮುಂಚೆ ಈ ಏಳನ್ನೂ ಇಬ್ಬರು ಮೇಷ್ಟ್ರಿಗೆ ಬೇರೆ ಬೇರೆ ಕೋಣೆಯಲ್ಲಿ ಕೂಡಿಸಿ ತೋರಿಸಿದೆವು. ಈ ಹಂತ ಬಿಡಬೇಡಿ. ಆರು ಉತ್ತರಗಳಿಗೆ ಇಬ್ಬರ ಅಂಕ ಹೊಂದಿತು. ಐದನೆಯದಕ್ಕೆ ಒಬ್ಬರು ಐದು ಹಾಕಿದರು, ಇನ್ನೊಬ್ಬರು ಆರು.

"ಊರು ಬರೋಬ್ಬರಿ ಐತಲ್ರಿ, ಇಸವಿ ಒಂದs ತಪ್ಪೈತಿ," ಅಂದರು ಆರು ಹಾಕಿದವರು.

"ಹತ್ತು ವರ್ಷ ತಪ್ಪೈತ್ರಿ ಸರ. ಅದಕ್ಕೂ ಪೂರ್ತಿ ಕೊಟ್ರ, ಸರಿ ಬರದಾಂವಗ ಏನ್ ಕೊಡ್ತೀರಿ?"

ಅರ್ಧ ಗಂಟೆ ಮಾತಾಡಿ ಐದು ಅಂತ ಒಪ್ಪಿದರು. ತಪ್ಪು ಇಸವಿಗೆ ಒಂದು ಅಂಕ ಕಡಿತ ಅಂತ ಅವರು ನಿರ್ಧಾರ ಮಾಡಿದ್ದು ಅವತ್ತೇ. ಅಲ್ಲಿಯವರೆಗೆ ಆ ನಿಯಮ ಯಾರ ತಲೆಯಲ್ಲೂ ಇರಲಿಲ್ಲ, ಪ್ರಾಂಪ್ಟಿನಲ್ಲಂತೂ ಇರಲೇ ಇಲ್ಲ. ಇದು ಮುಂದೆ ಕೆಲಸಕ್ಕೆ ಬರುತ್ತದೆ.

ಒಂದನ್ನೇ ಇಪ್ಪತ್ತು ಸಲ ಕೇಳಿ

ಈಗ ಪ್ರತಿ ಮೆಟ್ಟಿಲನ್ನೂ ಮತ್ತೆ ಮತ್ತೆ ಓಡಿಸಬೇಕು. ಎಷ್ಟು ಸಲ? ಐದು ಸಲ ಸಾಕು ಅನ್ನಿಸಬಹುದು. ಸ್ವಲ್ಪ ಲೆಕ್ಕ ಹಾಕಿ ನೋಡಿ. ಹತ್ತರಲ್ಲಿ ಒಂದು ಸಲ ಉಲ್ಟಾ ಹೊಡೆಯುವ ಪ್ರಾಂಪ್ಟ್, ಐದು ಸಲದಲ್ಲಿ ಒಮ್ಮೆಯೂ ಸಿಕ್ಕಿಬೀಳದೆ ಪಾರಾಗುವ ಸಾಧ್ಯತೆ 0.9ನ್ನು ಐದು ಸಲ ಗುಣಿಸಿದಷ್ಟು, ಅಂದರೆ ಸುಮಾರು 59%. ಇಪ್ಪತ್ತು ಸಲ ಓಡಿಸಿದರೆ ಅದು ಸುಮಾರು 12%ಕ್ಕೆ ಇಳಿಯುತ್ತದೆ. ಅದಕ್ಕೇ ನಾನು ಇಪ್ಪತ್ತು ಅಂತ ಇಟ್ಟುಕೊಂಡಿದ್ದೇನೆ.

```python
from collections import Counter

def tally(answer, n=20):
    return Counter(judge(answer) for _ in range(n))
```

`judge` ಅಂದರೆ ನಿಮ್ಮ ಪ್ರಾಂಪ್ಟನ್ನು ಮಾಡೆಲ್‌ಗೆ ಕಳಿಸಿ PASS ಅಥವಾ FAIL ತರುವ ಫಂಕ್ಷನ್. ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಇಪ್ಪತ್ತನ್ನೂ ಒಂದೇ ಸಂಭಾಷಣೆಯಲ್ಲಿ ಕೇಳುವುದು. ಆಗ ಮಾಡೆಲ್ ತನ್ನ ಹಿಂದಿನ ತೀರ್ಪು ನೋಡಿ ಅದನ್ನೇ ಹೇಳುತ್ತಾ ಹೋಗುತ್ತದೆ. ಪ್ರತಿ ಸಲವೂ ಹೊಸ ಸಂಭಾಷಣೆ ಬೇಕು. ಇನ್ನೊಂದು, ಕೋಡಿನಲ್ಲಿ ಎಲ್ಲೋ ಹಳೆಯ ಉತ್ತರ ಉಳಿಸಿಕೊಳ್ಳುವ ಕ್ಯಾಶ್ ಇರುವುದು. ನಮಗೆ ಮೊದಲ ಸಲ ಎಲ್ಲವೂ 20ಕ್ಕೆ 20 ಬಂತು. ಖುಷಿಪಟ್ಟು ಚಹಾ ಕುಡಿಯಲು ಹೊರಟಿದ್ದೆವು. ಇಪ್ಪತ್ತು ಕೋರಿಕೆ ಒಂದೂವರೆ ಸೆಕೆಂಡಿನಲ್ಲಿ ಮುಗಿದದ್ದು ಹೇಗೆ ಅಂತ ಗೆಳೆಯ ಕೇಳಿದ ಮೇಲೆ ಗೊತ್ತಾಯಿತು, ಹೋಗಿದ್ದು ಒಂದೇ ಕೋರಿಕೆ. ಉಳಿದ ಹತ್ತೊಂಬತ್ತು ಕ್ಯಾಶಿನಿಂದ ಬಂದ ನಕಲು.

ಕ್ಯಾಶ್ ತೆಗೆದು ಓಡಿಸಿದಾಗ ಬಂದದ್ದು ಇದು:

| ಮೆಟ್ಟಿಲು | ಮೇಷ್ಟ್ರ ಅಂಕ | 20ರಲ್ಲಿ ಎಷ್ಟು PASS |
|---|---|---|
| 1 | 8 | 20 |
| 2 | 7 | 20 |
| 3 | 6 | 17 |
| 4 | 6 | 13 |
| 5 | 5 | 9 |
| 6 | 5 | 3 |
| 7 | 4 | 0 |

ಎರಡೂ ತುದಿ ಗಟ್ಟಿ, ನಡು ಮಾತ್ರ ಸಡಿಲ. ಹೀಗೆ ಬರುವುದು ಸಹಜ. ಗಾಬರಿ ಆಗಬೇಕಾದ್ದು ಏಳೂ ಮೆಟ್ಟಿಲಿಗೆ ಇಪ್ಪತ್ತಕ್ಕೆ ಇಪ್ಪತ್ತು PASS ಬಂದಾಗ. ಎಲ್ಲರಿಗೂ ಪಾಸ್ ಅನ್ನುವ ಪ್ರಾಂಪ್ಟ್‌ಗಿಂತ ಸ್ಥಿರವಾದದ್ದು ಇನ್ನೊಂದಿಲ್ಲ, ಅಲ್ವಾ? ಹಾಗಾಗಿ ಎರಡು ವಿಷಯ ಒಟ್ಟಿಗೆ ನೋಡಿ: ಒಂದು ಮೆಟ್ಟಿಲಿನ ಒಳಗೆ ತೀರ್ಪು ನಿಲ್ಲುತ್ತದಾ, ಆರರಿಂದ ಐದಕ್ಕೆ ಇಳಿದಾಗ ತೀರ್ಪೂ ಇಳಿಯುತ್ತದಾ.

ಅರ್ಥ ಹಾಗೇ ಇಟ್ಟು ವೇಷ ಬದಲಿಸಿ

ಇಲ್ಲಿಯವರೆಗೆ ಕಂಡದ್ದು ಸುಮ್ನೆ ತೂಗಾಟ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಉತ್ತರದ ಅರ್ಥ ಹಾಗೇ ಇದ್ದು ಮೇಲಿನ ವೇಷ ಬದಲಾದರೆ, ತೀರ್ಪು ಒಂದೇ ಕಡೆಗೆ ವಾಲುವುದು. ಇದನ್ನು ನೋಡಲು ಗೆರೆಯ ಎರಡೂ ಬದಿಯ ಒಂದೊಂದು ಮೆಟ್ಟಿಲು ಸಾಕು. ನಾವು ಮೂರನೆಯದನ್ನೂ ಆರನೆಯದನ್ನೂ ತೆಗೆದುಕೊಂಡೆವು.

ಮೂರನೆಯದನ್ನು ನಮ್ಮ ಹುಡುಗರು ಮಾತಾಡುವ ಕನ್ನಡಕ್ಕೆ ತಂದೆವು. "ರೈತರು ಸಾಹುಕಾರರ ಹತ್ತಿರ ಹೆಚ್ಚಿನ ಬಡ್ಡಿಗೆ ಸಾಲ ಮಾಡುತ್ತಿದ್ದರು" ಅನ್ನುವುದು "ರೈತರು ಸಾವಕಾರ ಕಡೆ ಜಾಸ್ತಿ ಬಡ್ಡಿಗೆ ಸಾಲಾ ತಗೋತಿದ್ರು" ಅಂತಾಯಿತು. ಅಂಶ ಒಂದೂ ಕಡಿಮೆಯಾಗಿಲ್ಲ. ಆದರೆ PASS 17ರಿಂದ 8ಕ್ಕೆ ಬಿತ್ತು. ಭಾಷೆಗೆ ಅಂಕ ಇಲ್ಲ ಅಂತ ಮೇಷ್ಟ್ರಿಗೆ ಗೊತ್ತು, ಹುಡುಗರಿಗೂ ಗೊತ್ತು. ಪ್ರಾಂಪ್ಟಿನಲ್ಲಿ ಮಾತ್ರ ಆ ಮಾತಿಲ್ಲ.

ಆರನೆಯದಕ್ಕೆ ತುಂಬು ಮಾತು ಸೇರಿಸಿದೆವು. "ಸಹಕಾರವು ಮಾನವ ಸಮಾಜದ ಉದಾತ್ತ ಮೌಲ್ಯಗಳಲ್ಲೊಂದಾಗಿದ್ದು, ಗ್ರಾಮೀಣ ಅಭ್ಯುದಯಕ್ಕೆ ಬುನಾದಿಯಾಗಿದೆ" ಅನ್ನುವ ಜಾತಿಯ ಮೂರು ವಾಕ್ಯ. ಹೊಸ ಮಾಹಿತಿ ಒಂದು ಹನಿ ಇಲ್ಲ. PASS 3ರಿಂದ 12ಕ್ಕೆ ಏರಿತು. ಉದ್ದ ಉತ್ತರಕ್ಕೆ, ಭಾರದ ಪದಕ್ಕೆ ಮಾಡೆಲ್‌ಗಳು ಒಲಿಯುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ರೋಗ. ಪೇಪರ್ ತಿದ್ದುವ ಕೆಲವು ಮನುಷ್ಯರಿಗೂ ಇದೆ, ಆ ಮಾತು ಬಿಡಿ.

1905ನ್ನು ೧೯೦೫ ಅಂತ ಬರೆದು ನೋಡಿದೆವು, ಪ್ಯಾರಾ ಒಡೆದು ಪಾಯಿಂಟ್ ಮಾಡಿ ನೋಡಿದೆವು. ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಕಾಣಲಿಲ್ಲ. ಉತ್ತರದ ಮೇಲೆ ಹುಡುಗರ ಹೆಸರು, ಅಡ್ಡಹೆಸರು ಹೋಗುತ್ತಿದ್ದರೆ ಅದನ್ನೂ ಬದಲಿಸಿ ನೋಡಬೇಕು. ಗೆಳೆಯ ಹೆಸರು ಮೊದಲೇ ತೆಗೆದು ಕಳಿಸುತ್ತಿದ್ದ, ಹಾಗಾಗಿ ನಮಗೆ ಆ ಕೆಲಸ ಉಳಿಯಿತು.

ತೂಗಾಟ, ವಾಲುವುದು ಈ ಎರಡು ಕಾಯಿಲೆಗೆ ಮದ್ದು ಬೇರೆ ಬೇರೆ. "ಮೂರು ಸಲ ಕೇಳಿ ಹೆಚ್ಚು ಬಂದದ್ದನ್ನು ಇಟ್ಟುಕೊಂಡರಾಯಿತು" ಅಂತ ಗೆಳೆಯ ಅಂದ. ತೂಗಾಟಕ್ಕೆ ಅದು ಸ್ವಲ್ಪ ಮಟ್ಟಿಗೆ ಸರಿ. ಒಂದು ಸಲಕ್ಕೆ 70% ಸರಿ ಹೇಳುವ ಕಡೆ, ಮೂವರ ಬಹುಮತ ಸುಮಾರು 78% ಸರಿ ಹೇಳುತ್ತದೆ. ಆದರೆ ತುಂಬು ಮಾತಿನ ಆ ಉತ್ತರ ನೋಡಿ. ಅದು ಫೇಲ್ ಆಗಬೇಕಾದದ್ದು. ಇಪ್ಪತ್ತರಲ್ಲಿ 12, ಅಂದರೆ 60% ಸಲ ಪಾಸಾಗುತ್ತಿದೆ. ಬಹುಮತ ತೆಗೆದರೆ ಆ 60% ಸುಮಾರು 65% ಆಗುತ್ತದೆ. ಮೂರು ಪಟ್ಟು ದುಡ್ಡು ಕೊಟ್ಟು ತಪ್ಪನ್ನೇ ಗಟ್ಟಿ ಮಾಡಿಕೊಂಡ ಹಾಗೆ.

ಅಲುಗಿದ ಜಾಗದಲ್ಲಿ ಕಾರಣ ಓದಿ

ಐದನೆಯ ಮೆಟ್ಟಿಲಿಗೆ ಬಂದ ಇಪ್ಪತ್ತು ತೀರ್ಪುಗಳನ್ನು, ಜೊತೆಗಿದ್ದ ಕಾರಣಗಳನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿದೆವು. PASS ಅಂದ ಒಂಬತ್ತರಲ್ಲೂ ಹೆಚ್ಚುಕಡಿಮೆ ಒಂದೇ ಮಾತು: ಸಣ್ಣ ದೋಷ ಇದ್ದರೂ ಮುಖ್ಯ ಸ್ಥಳ ಗುರುತಿಸಲಾಗಿದೆ. FAIL ಅಂದ ಹನ್ನೊಂದರಲ್ಲಿ: ಇಸವಿ ತಪ್ಪಾಗಿದೆ. ಇಬ್ಬರು ಮೇಷ್ಟ್ರು ಅರ್ಧ ಗಂಟೆ ಆಡಿದ ಜಗಳವೇ ಇಲ್ಲೂ ನಡೆಯುತ್ತಿತ್ತು. ನಿಯಮ ಬರೆಯದೇ ಬಿಟ್ಟ ಜಾಗದಲ್ಲಿ ಮಾಡೆಲ್ ಒಮ್ಮೆ ಹೀಗೆ, ಒಮ್ಮೆ ಹಾಗೆ ಊಹಿಸುತ್ತಿತ್ತು. ಕಾರಣ ಅಂತ ಮಾಡೆಲ್ ಬರೆದದ್ದೇ ಅದರ ನಿಜವಾದ ಕಾರಣ ಅಂತ ನಂಬಬೇಕಿಲ್ಲ. ಆದರೆ ಎರಡು ಗುಂಪಿನ ಮಾತು ಇಷ್ಟು ಸ್ಪಷ್ಟವಾಗಿ ಬೇರೆಯಾದರೆ, ಪ್ರಾಂಪ್ಟಿನ ತೂತು ಎಲ್ಲಿದೆ ಅಂತ ಅದೇ ಬೆರಳು ಮಾಡಿ ತೋರಿಸುತ್ತದೆ.

ಈಗ ತಿದ್ದುವ ಸಮಯ. ದೊಡ್ಡ ಬದಲಾವಣೆ ಒಂದೇ: ಗೆರೆಯನ್ನು ಪ್ರಾಂಪ್ಟಿನಿಂದ ಹೊರಗೆ ತಂದೆವು. ಆರು ಬಂದರೆ ಪಾಸ್ ಅಂತ ಮಾಡೆಲ್‌ಗೆ ಹೇಳಿದ್ದರೆ, ಅದು ಮೊದಲು ಪಾಸೋ ಫೇಲೋ ಅಂತ ಒಂದು ಕಡೆ ವಾಲಿ, ಆಮೇಲೆ ಅಂಕವನ್ನು ಅದಕ್ಕೆ ಹೊಂದಿಸುವ ಅಪಾಯ ಇದೆ. ಗೆರೆ ಎಲ್ಲಿದೆ ಅಂತಲೇ ಗೊತ್ತಿಲ್ಲದಿದ್ದರೆ ಹಾಗೆ ಮಾಡಲು ಬರುವುದಿಲ್ಲ. ಒಟ್ಟು ಅಂಕ ಕೇಳುವುದನ್ನೂ ಬಿಟ್ಟೆವು. ಒಂದೊಂದು ಅಂಶಕ್ಕೆ 0, 1 ಅಥವಾ 2 ಅಂತ ಬೇರೆ ಬೇರೆ ಕೇಳಿದೆವು:

```
ಅಂಶ 3: ಕಣಗಿನಹಾಳ, 1905
2 = ಊರು, ಇಸವಿ ಎರಡೂ ಸರಿ
1 = ಒಂದು ಮಾತ್ರ ಸರಿ; ಇನ್ನೊಂದು ಇಲ್ಲ ಅಥವಾ ತಪ್ಪು
0 = ಎರಡೂ ಇಲ್ಲ ಅಥವಾ ತಪ್ಪು
ಮೊದಲು ಉತ್ತರದಲ್ಲಿರುವ ಸಾಲನ್ನು ಹಾಗೇ ನಕಲು ಮಾಡಿ, ಆಮೇಲೆ ಅಂಕ ಬರೆಯಿರಿ.
ಆಡುಮಾತು, ಕಾಗುಣಿತ, ಉದ್ದ ಇವುಗಳಿಗೆ ಅಂಕ ಇಲ್ಲ.
```

ಸಾಲು ನಕಲು ಮಾಡಿಸುವುದು ಮುಖ್ಯ. ತುಂಬು ಮಾತಿನ ಉತ್ತರದಲ್ಲಿ ನಕಲು ಮಾಡಲು ಸಾಲೇ ಸಿಗುವುದಿಲ್ಲ. ನಕಲು ಮಾಡಿದ ಸಾಲು ಉತ್ತರದಲ್ಲಿ ನಿಜವಾಗಿ ಇದೆಯಾ ಅಂತ ಕೋಡಿನಲ್ಲೇ ನೋಡಬಹುದು. ಕೂಡಿಸುವ ಕೆಲಸ, ತೀರ್ಪು ಹೇಳುವ ಕೆಲಸ ಎರಡೂ ಕೋಡಿನದು:

```python
total = sum(marks.values())
verdict = "PASS" if total >= 6 else "FAIL"
```

ಮತ್ತೆ ಓಡಿಸಿದಾಗ ಏಳು ಮೆಟ್ಟಿಲಿನ PASS ಕ್ರಮವಾಗಿ 20, 20, 20, 18, 1, 0, 0. ಆಡುಮಾತಿನ ಮೂರನೆಯದಕ್ಕೆ 19, ತುಂಬು ಮಾತಿನ ಆರನೆಯದಕ್ಕೆ 1.

ಇಷ್ಟಕ್ಕೇ ನಂಬಬೇಡಿ. ಈ ಏಳು ಉತ್ತರ ನೋಡಿಕೊಂಡೇ ಪ್ರಾಂಪ್ಟ್ ತಿದ್ದಿದ್ದು, ಅವುಗಳಲ್ಲಿ ಚೆನ್ನಾಗಿ ಬರಲೇಬೇಕು. ಬೇರೆ ಪ್ರಶ್ನೆಗೆ ಹೊಸ ಮೆಟ್ಟಿಲು ಕಟ್ಟಿ ನೋಡಬೇಕು. ನಾವು ಬಣ್ಣ ಜಾಸ್ತಿ, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿ ಯಾಕೆ ಹೆಸರುವಾಸಿ ಅನ್ನುವ ಪ್ರಶ್ನೆ ತೆಗೆದುಕೊಂಡೆವು. ಅಲ್ಲಿ ಒಂದು ಹೊಸ ತೂತು ಸಿಕ್ಕಿತು. ಡಬ್ಬಿ, ಕಡ್ಡಿ ಅಂತ ಎರಡು ತಳಿಯ ಹೆಸರು ಬೇಕಿದ್ದ ಕಡೆ ಒಬ್ಬ ಒಂದನ್ನೇ ಎರಡು ಸಲ ಬರೆದಿದ್ದರೆ ಏನು ಮಾಡಬೇಕು ಅಂತ ನಿಯಮ ಇರಲಿಲ್ಲ. ಮಾಡೆಲ್ ಕೆಲವೊಮ್ಮೆ ಎರಡಂಕ ಕೊಡುತ್ತಿತ್ತು. ಒಂದು ಸಾಲು ಸೇರಿಸಿದೆವು.

ಅಲುಗಾಡುವುದು ನಿಲ್ಲದ ಉತ್ತರಗಳು

ನಾಲ್ಕನೆಯ ಮೆಟ್ಟಿಲು 18ರ ಮೇಲೆ ಏರಲಿಲ್ಲ. ಚಿಲ್ಲರೆ ಕೂಡಿಸಿದ ಆರು ಅಂದೆನಲ್ಲ, ಅದು. ಸಂಘದ ಕೆಲಸದ ಬಗ್ಗೆ "ಎಲ್ಲರೂ ಸೇರಿ ಸಾಲದ ವ್ಯವಸ್ಥೆ ಮಾಡಿದರು" ಅಂತಿದೆ. ಇದು ಒಂದು ಅಂಕಕ್ಕೆ ಸಾಕೋ ಸಾಲದೋ? ಇದಕ್ಕೆ ಮೊದಲು ಆರು ಹಾಕಿದ್ದ ಮೇಷ್ಟ್ರಲ್ಲೇ ಒಬ್ಬರಿಗೆ ಎರಡು ವಾರ ಬಿಟ್ಟು ಮತ್ತೆ ತೋರಿಸಿದೆವು. ಓದಿ, ಕನ್ನಡಕ ತೆಗೆದು, "ಈಗ ನೋಡಿದ್ರ ಐದು ಅನಸ್ತದ್ರಿ," ಅಂದರು.

ಇಂಥವನ್ನು ಪ್ರಾಂಪ್ಟ್ ತಿದ್ದಿ ಗಟ್ಟಿ ಮಾಡಲು ಹೋಗಬಾರದು ಅಂತ ನನ್ನ ಅಭಿಪ್ರಾಯ. ಮನುಷ್ಯರೇ ಒಂದು ಕಡೆ ನಿಲ್ಲದ ಜಾಗದಲ್ಲಿ ಮಾಡೆಲ್ 20ಕ್ಕೆ 20 ಹೇಳಿದರೆ ಅದು ಮೊಂಡುತನ. ಗೆಳೆಯ ಒಟ್ಟು 5 ಅಥವಾ 6 ಬಂದ ಉತ್ತರಗಳನ್ನು ತೀರ್ಪಿಲ್ಲದೆ ಮೇಷ್ಟ್ರ ಟ್ರೇಗೆ ಹಾಕುವಂತೆ ಕೋಡ್ ಬದಲಿಸಿದ. 4 ಅಥವಾ ಕಡಿಮೆ, 7 ಅಥವಾ ಹೆಚ್ಚು ಬಂದವು ಮಾತ್ರ ನೇರ ಹೋಗುತ್ತವೆ. ಟ್ರೇಗೆ ಹೋಗುವ ಅಂಕಗಳ ಅಂತರ ಎಷ್ಟು ಅಗಲ ಇರಬೇಕು ಅನ್ನುವುದನ್ನು ಮೆಟ್ಟಿಲ ಪಟ್ಟಿಯೇ ಹೇಳುತ್ತದೆ: ತೀರ್ಪು ಅಲುಗಿದ್ದು ಎಲ್ಲಿಂದ ಎಲ್ಲಿಯವರೆಗೆ, ಅಷ್ಟು. ಹಿಂದಿನ ತಿಂಗಳ 120 ಉತ್ತರಗಳನ್ನು ಹೊಸ ಪ್ರಾಂಪ್ಟಿನಲ್ಲಿ ಓಡಿಸಿದಾಗ 31 ಆ ಟ್ರೇಗೆ ಬಂದವು. ಇಬ್ಬರು ಮೇಷ್ಟ್ರಿಗೆ ಒಂದು ಸಂಜೆಯ ಕೆಲಸ. ಅರವತ್ತು ಬಂದಿದ್ದರೆ ಪ್ರಾಂಪ್ಟ್ ಇನ್ನೂ ಕಚ್ಚಾ ಇದೆ ಅಂತ ಮತ್ತೆ ಕೂರುತ್ತಿದ್ದೆವು.

ಮೆಟ್ಟಿಲಿನ ಉತ್ತರಗಳನ್ನು ಬಿಸಾಡಬೇಡಿ. ಏಳು ಉತ್ತರ, ಇಪ್ಪತ್ತು ಸಲ, ಒಟ್ಟು 140 ಕೋರಿಕೆ. ಮಾಡೆಲ್ ಕಂಪನಿಯವರು ಹೊಸ ಆವೃತ್ತಿ ತಂದಾಗ, ಅಥವಾ ಯಾರಾದರೂ ಪ್ರಾಂಪ್ಟಿನಲ್ಲಿ ಒಂದು ಪದ ಬದಲಿಸಿದಾಗ, ಅದನ್ನು ಮತ್ತೆ ಓಡಿಸಿ ಹಳೆಯ ಪಟ್ಟಿಯ ಪಕ್ಕ ಇಟ್ಟು ನೋಡಿ. ಗೆಳೆಯನ ಕ್ಲಾಸಿನಲ್ಲಿ ಇದು ಈಗ ಪ್ರತಿ ತಿಂಗಳ ಮೊದಲ ಸೋಮವಾರ ನಡೆಯುತ್ತದೆ.

ಹಾನಗಲ್ಲಿನ ಹುಡುಗನ ಉತ್ತರವನ್ನೂ ಹೊಸ ಪ್ರಾಂಪ್ಟಿನಲ್ಲಿ ಇಪ್ಪತ್ತು ಸಲ ಓಡಿಸಿದೆವು. ಹದಿನಾಲ್ಕು ಸಲ ಆರು, ಆರು ಸಲ ಐದು. ಟ್ರೇಗೆ ಹೋಯಿತು. ಮೇಷ್ಟ್ರು ಓದಿ ಆರು ಹಾಕಿದರು, ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ "ಕಾಯ್ದೆಯ ಹೆಸರು ಪೂರ್ತಿ ಬರಿ" ಅಂತ ಬರೆದರು.